ಮಗಳ ಪ್ರಬಂಧದಲ್ಲಿ ಅರ್ಧಕ್ಕೆ ನಿಂತ ವಾಕ್ಯ

ಅಜ್ಜಂಪುರದಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ತೋಟದವರ ಪಂಪಿನ ಮೋಟಾರ್ ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಸುಟ್ಟ ತಂತಿ ತೆಗೆದು ಹೊಸದು ಸುತ್ತಿ ನಾನು ಕಟ್ಟಿಕೊಟ್ಟ ಮೋಟಾರ್ ವಾಪಸ್ಸು ಬಂದದ್ದು ಕಡಿಮೆ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ ಅಂದುಕೊಂಡರೂ ಬೇಜಾರಿಲ್ಲ. ಆದರೆ ನನ್ನ ಮಗಳ ಪ್ರಬಂಧ ವಾಪಸ್ಸು ಬಂತು, ಅದೂ ಎರಡು ಸಲ. ಎರಡನೇ ಸಲ ಬಂದದ್ದು ನನ್ನಿಂದ.

ಮಗಳು ತರೀಕೆರೆಯ ಕಾಲೇಜಿನಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದಳು. ಕನ್ನಡದ ಮೇಡಂ ‘ನಮ್ಮ ಮನೆಯ ದುಡಿಮೆ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದ್ದರು. ಅದಕ್ಕೆ ಇಂಟರ್ನಲ್ ಅಂಕ ಇತ್ತು. ಒಂದು ಶನಿವಾರ ಮಧ್ಯಾಹ್ನ ಅವಳು ನೇರ ಅಂಗಡಿಗೆ ಬಂದು, ಹಾಳೆಗಳನ್ನು ವಾರ್ನಿಷ್ ಡಬ್ಬದ ಪಕ್ಕ ಇಟ್ಟು, ಮುಖ ಊದಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಏಳು ಕಡೆ ಕೆಂಪು ಗೆರೆ. ಪ್ರತಿ ಗೆರೆಯ ಪಕ್ಕದಲ್ಲೂ ಅದೇ ಮಾತು: ‘ವಾಕ್ಯ ಮುಗಿದಿಲ್ಲ.’

“ಸೋಮವಾರ ತಿದ್ಕೊಂಡು ಕೊಡ್ಬೇಕಂತೆ. ಇಲ್ದಿದ್ರೆ ಅಂಕ ಇಲ್ವಂತೆ.”

“ಅಷ್ಟು ಉದ್ದ ಬರ್ದಿದ್ದೀಯಲ್ಲವ್ವ, ಇನ್ನೂ ಎಲ್ಲಿ ಮುಗೀಬೇಕಂತೆ?”

“ಅಪ್ಪ, ಸುಮ್ನಿರು ನೀನು.”

ನನಗೂ ಮೊದಲು ತಪ್ಪು ಕಾಣಲಿಲ್ಲ. ಮೇಲಿನಿಂದ ಓದಿಕೊಂಡು ಹೋದರೆ ಎಲ್ಲಾ ಸರಿಯಾಗಿಯೇ ಕೇಳುತ್ತಿತ್ತು. ಆಗ ಅವಳು ಮೇಡಂ ಹೇಳಿದ ಉಪಾಯ ಹೇಳಿದಳು: ಕೊನೆಯ ವಾಕ್ಯದಿಂದ ಶುರು ಮಾಡಿ ಒಂದೊಂದೇ ಹಿಂದಕ್ಕೆ ಓದಬೇಕು. ಹಿಂದೆ ಮುಂದೆ ಏನೂ ಗೊತ್ತಿಲ್ಲದವನಿಗೆ ಅದೊಂದೇ ವಾಕ್ಯ ಹೇಳಿದರೆ ಅರ್ಥ ಆಗಬೇಕು. ಇದು ನನಗೆ ಹಿಡಿಸಿತು. ಸುಟ್ಟ ತಂತಿಯ ಕಾಯಿಲನ್ನು ಬಿಚ್ಚುವಾಗ ನಾನೂ ಕೊನೆಗೆ ಸುತ್ತಿದ್ದನ್ನೇ ಮೊದಲು ತೆಗೆಯುವುದು.

ಕನ್ನಡಕ ಹಾಕಿಕೊಂಡು ಕೊನೆಯದನ್ನು ಓದಿದೆ. “ಎಲ್ಲರೂ ಮೆಚ್ಚುವಂತೆ.”

“ಮೆಚ್ಚುವಂತೆ ಏನು?” ಅಂದೆ.

“ಅದೇ, ಮೋಟಾರ್ ಕಟ್ತೀಯ ಅಂತ. ಹಿಂದಿನ ವಾಕ್ಯದಲ್ಲಿ ಐತಲ್ಲ.”

“ಹಂಗಾದ್ರೆ ಇದನ್ನೂ ಅಲ್ಲಿಗೇ ಸೇರ್ಸು.”

‘ಎಲ್ಲರೂ ಮೆಚ್ಚುವಂತೆ ಅಪ್ಪ ಮೋಟಾರ್ ಕಟ್ಟುತ್ತಾರೆ’ ಎಂದು ಬರೆದಳು. ಅದಕ್ಕಿಂತ ಹಿಂದಿನ ಕೆಂಪು ಗೆರೆ: ‘ಸುಟ್ಟ ತಂತಿಯನ್ನು ಬಿಚ್ಚಿ, ಸುತ್ತುಗಳನ್ನು ಎಣಿಸಿ, ಅಳತೆ ಬರೆದುಕೊಂಡು.’ ಬರೆದುಕೊಂಡು ಸುಮ್ಮನೆ ಕೂತರೆ ಮೋಟಾರ್ ತಿರುಗುತ್ತದೆಯೇ? ‘ಅದೇ ಅಳತೆಯ ಹೊಸ ತಂತಿ ಸುತ್ತುತ್ತಾರೆ’ ಎಂದು ಸೇರಿಸಿದೆವು. ‘ಬೇಸಿಗೆಯಲ್ಲಿ ಮೋಟಾರುಗಳು ಒಂದರ ಹಿಂದೊಂದು ಸುಟ್ಟು ಬರುವುದರಿಂದ’ ಎಂದು ಬರೆದು ಚುಕ್ಕಿ ಇಟ್ಟಿದ್ದಳು. ಬರುವುದರಿಂದ ಏನಾಗುತ್ತದೆ? ‘ಅಪ್ಪನಿಗೆ ಊಟಕ್ಕೂ ಬಿಡುವಿರುವುದಿಲ್ಲ.’

ನಮ್ಮ ಮನೆಯ ಮಾತೇ ಹಾಗೆ ಎಂದು ಅವತ್ತು ಗೊತ್ತಾಯಿತು. “ಹೊತ್ತಿಗೆ ಬಂದಿದ್ರೆ...” ಅಂತ ನನ್ನ ಹೆಂಡತಿ ಅರ್ಧಕ್ಕೆ ಬಿಡುತ್ತಾಳೆ, ಉಳಿದರ್ಧ ನಮಗೆ ಗೊತ್ತು. ಕಾಗದಕ್ಕೆ ಅದು ಗೊತ್ತಿರುವುದಿಲ್ಲ.

ಒಂದು ಕಡೆ ನಾನೇ ಮೇಡಂ ಅವರ ತಪ್ಪು ಹಿಡಿದೆ ಎಂದು ಹಿಗ್ಗಿದೆ. ‘ನಮ್ಮಪ್ಪ ಮೋಟಾರ್ ಮೆಕ್ಯಾನಿಕ್’ ಎಂಬಲ್ಲಿ ಕೆಂಪು ಗೆರೆ ಇರಲಿಲ್ಲ. “ಇಲ್ಲಿ ಕ್ರಿಯಾಪದವೇ ಇಲ್ವಲ್ಲೇ! ಆಗಿದ್ದಾರೆ ಅಂತ ಸೇರ್ಸು.”

“ಬೇಡಪ್ಪ, ಇದು ಮುಗ್ದೈತೆ. ನಿಮ್ಮಪ್ಪ ಯಾರು ಅಂದ್ರೆ ಉತ್ತರ ಸಿಕ್ತಲ್ಲ? ಕನ್ನಡದಲ್ಲಿ ಇದು ಸರಿ.”

ಸರಿ, ಓದಿದವಳು ಅವಳು.

ಹೀಗೆ ಆರು ಸರಿಯಾದವು. ಏಳನೆಯದು ಮೊದಲ ಪುಟದಲ್ಲಿತ್ತು. ‘ಅಪ್ಪ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು ಏಕೆಂದರೆ.’ ಅಲ್ಲಿಗೆ ಚುಕ್ಕಿ.

“ಇದ್ಯಾಕೆ ಹಿಂಗೆ?” ಅಂದೆ.

“ನಂಗೊತ್ತಿಲ್ಲ. ಕೇಳಿದ್ರೆ ನೀನು ಯಾವತ್ತೂ ಹೋಗ್ಲಿ ಬಿಡು ಅಂತೀಯ. ಅದಕ್ಕೇ ಚುಕ್ಕಿ ಇಟ್ಬಿಟ್ಟೆ.”

ನಾನು ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ಗತ್ತಿನಿಂದ ಹೇಳಿದೆ: “ಬರ್ಕೋ. ಮನೆಯಲ್ಲಿ ಕಡು ಬಡತನವಿತ್ತು.” ಅವಳು ಬರೆದುಕೊಂಡಳು.

ಸೋಮವಾರ ಕೊಟ್ಟಳು, ಬುಧವಾರ ವಾಪಸ್ಸು ಬಂತು. ಆರರ ಪಕ್ಕದಲ್ಲಿ ಸರಿ ಗುರುತು. ಏಳನೆಯದರ ಪಕ್ಕದಲ್ಲಿ: ‘ಈಗ ವಾಕ್ಯ ಮುಗಿದಿದೆ, ವಿಚಾರ ಮುಗಿದಿಲ್ಲ. ಚಿಕ್ಕಪ್ಪ ಅದೇ ಶಾಲೆಯಲ್ಲಿ ಓದಿ ಬಿ.ಎ. ಮಾಡಿದರು ಎಂದು ಮುಂದೆ ಬರೆದಿದ್ದೀಯ. ಒಂದೇ ಮನೆಯ ಬಡತನ ಒಬ್ಬರನ್ನು ಮಾತ್ರ ಬಿಡಿಸಿತೇ? ಶುಕ್ರವಾರ ಕೊನೆಯ ದಿನ.’

ನನಗೆ ಮೈ ಉರಿಯಿತು. ಗುರುವಾರ ತರೀಕೆರೆಯ ತೋಟವೊಂದರ ಬೋರ್‌ವೆಲ್ಲಿಗೆ ಮೋಟಾರ್ ಇಳಿಸುವುದಿತ್ತು. ಇಳಿಸಿದವನೇ ಗ್ರೀಸ್ ಕೈಯಲ್ಲೇ ಕಾಲೇಜಿಗೆ ಹೋದೆ. ಮೇಡಂ ನನ್ನ ಮಗಳಿಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು, ಅಷ್ಟೆ. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

“ಕುರ್ಚಿಗೆ ಗ್ರೀಸ್ ಆಗ್ತದೆ ಮೇಡಂ.”

“ಒರೆಸ್ಕೊಂಡ್ರಾಯ್ತು, ಕೂತ್ಕೊಳ್ಳಿ.”

ಕೂತೆ. “ಬಡತನ ಇತ್ತೋ ಇಲ್ವೋ ನಿಮಗೇನು ಗೊತ್ತು? ನನ್ನ ಮಗಳು ಸುಳ್ಳು ಬರೆಯೋಳಲ್ಲ ಕಣ್ರೀ.”

“ಗೊತ್ತು ಸಾರ್. ಮಿಕ್ಕ ಎಲ್ಲಾ ಕಡೆ ಅವಳು ಕಣ್ಣಾರೆ ಕಂಡದ್ದನ್ನ ಬರೆದಿದ್ದಾಳೆ. ತಂತಿ ಎಣಿಸೋದು, ನೀವು ಊಟ ಬಿಟ್ಟು ಕೂರೋದು. ಇದೊಂದು ಮಾತ್ರ ಅವಳ ಮಾತಿನ ಹಾಗಿಲ್ಲ.”

ನಾನು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡೆ.

“ನಿಮ್ಮ ವಿಷಯ ನನಗೆ ಬೇಕಿಲ್ಲ ಸಾರ್. ಆ ವಾಕ್ಯ ತೆಗೆದು ಹಾಕಿದ್ರೂ ಅಂಕ ಕೊಡ್ತೀನಿ. ಯಾಕೆ ಬಿಟ್ಟರೋ ನನಗೆ ತಿಳಿಯದು ಅಂತ ಬರೆದ್ರೂ ಆಯ್ತು, ಅದೂ ಪೂರ್ತಿ ಮಾತೇ. ಓದೋರಿಗೆ ಅನುಮಾನ ಉಳೀಬಾರದು, ಅಷ್ಟೇ.”

ಜಗಳಕ್ಕೆಂದು ಹೋದವನಿಗೆ ಜಗಳವೇ ಸಿಗಲಿಲ್ಲ. ಸಾರ್ ಅಂತ ಬೇರೆ ಕರೆದರು.

ಕಾಲೇಜು ಬಿಟ್ಟ ಮೇಲೆ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಊರು ದಾಟಿದ ಮೇಲೆ, ಅವಳಿಗೆ ನನ್ನ ಮುಖ ಕಾಣದ ಧೈರ್ಯದಲ್ಲಿ, ಹೇಳಿದೆ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಲ್ಲಿ ನಾನು ಫೇಲಾದೆ. ಒಂದು ವರ್ಷಕ್ಕೆ ಚಿಕ್ಕವನಾದ ತಮ್ಮ ಅದೇ ಕ್ಲಾಸಿಗೆ ಬಂದ. ಶಾಲೆ ಶುರುವಾದ ದಿನ ಮೇಷ್ಟ್ರು ಇಬ್ಬರನ್ನೂ ಒಂದೇ ಬೆಂಚಿಗೆ ಕೂರಿಸಿದರು. ಅವನು ಪಾಪ, ಸರಿದು ಜಾಗ ಬಿಟ್ಟ. ಆ ಜಾಗದಲ್ಲಿ ಸಂಜೆವರೆಗೆ ಕೂತು ಬಂದೆ, ಮಾರನೆಯ ದಿನದಿಂದ ಹೋಗಲಿಲ್ಲ. ಅಪ್ಪ ಬೈದ, ಅವ್ವ ಅತ್ತಳು. ಬಡತನವೇನೋ ಇತ್ತು, ಆದರೆ ಶಾಲೆ ಬಿಡಿಸಿದ್ದು ಅದಲ್ಲ.

ಮಗಳು ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದಳು: “ಆ ವಾಕ್ಯ ತೆಗೆದುಬಿಡ್ಲೇನಪ್ಪ?”

“ನಿನ್ನ ಪ್ರಬಂಧ. ನಿಂಗೆ ತಿಳಿದಂಗೆ ಮಾಡು.”

“ಕ್ಲಾಸಲ್ಲಿ ಓದಿಸ್ತಾರೆ ಕಣಪ್ಪ. ನಿನ್ನ ಗಿರಾಕಿಗಳ ಮಕ್ಕಳೂ ಅವ್ರೆ.”

ನಾನು ಬೈಕಿನ ವೇಗ ಹೆಚ್ಚಿಸಿದೆ.

ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊರಡುವ ಮುಂಚೆ ಹಾಳೆ ತಂದು ನನ್ನ ಮುಂದಿಟ್ಟಳು. ಜೊತೆಗೆ ಪೆನ್ನೂ ಇತ್ತು. ಬೇಡದಿದ್ದರೆ ನೀನೇ ಹೊಡೆದುಹಾಕು ಎಂದು ಅದರರ್ಥ. ಓದಿದೆ: ‘ಅಪ್ಪ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದು ಏಕೆಂದರೆ, ಅವರು ಫೇಲಾದ ವರ್ಷ ಚಿಕ್ಕಪ್ಪ ಅದೇ ಕ್ಲಾಸಿಗೆ ಬಂದರು, ತಮ್ಮನ ಪಕ್ಕ ಕೂರಲು ಅಪ್ಪನ ಮನಸ್ಸು ಒಪ್ಪಲಿಲ್ಲ.’

ಎರಡು ಸಲ ಓದಿದೆ. ಪೆನ್ನು ಎತ್ತಿಕೊಂಡಾಗ ಅವಳ ಮುಖ ಸಣ್ಣಗಾಯಿತು.

“ಯಾವುದರಲ್ಲಿ ಫೇಲು ಅಂತ ಬರೆದಿಲ್ವಲ್ಲವ್ವ. ನಿಮ್ಮ ಮೇಡಂ ಮತ್ತೆ ಕೇಳ್ತಾರೆ,” ಅಂದೆ. ‘ಅವರು’ ಎಂಬುದರ ಮುಂದೆ ಕೊಕ್ಕೆ ಹಾಕಿ, ಮೇಲುಗಡೆ ನನ್ನ ಸೊಟ್ಟ ಅಕ್ಷರದಲ್ಲಿ ನಾನೇ ಬರೆದೆ: ‘ಲೆಕ್ಕದಲ್ಲಿ’.

ಅವಳು ನಗುತ್ತಾ ಹಾಳೆ ಕಸಿದುಕೊಂಡು ಬಸ್ಸಿಗೆ ಓಡಿದಳು. ನಾನು ಅಂಗಡಿಗೆ ಹೋಗಿ ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಮೋಟಾರನ್ನು ಮುಂದಕ್ಕೆಳೆದುಕೊಂಡು, ಸುತ್ತು ಎಣಿಸುತ್ತಾ ಕೂತೆ.