ಕತ್ತರಿಸಿ ಬಿಸಾಕಿದ ಷಡ್ಜ

ನನಗೆ ಹಾಡು ಕಲಿಸಿದ ಗುರುಗಳು "ಇರಬಹುದು" ಎನ್ನುವ ಮನುಷ್ಯರೇ ಅಲ್ಲ. ಯಲಬುರ್ಗಾದ ಶಾಲೆಯಲ್ಲಿ ಸಂಗೀತದ ಮಾಸ್ತರರಾಗಿದ್ದಾಗ ಅವರ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು, "ಹೌದು" ಇಲ್ಲವೇ "ಅಲ್ಲ". ನಾನು ಗಾಂಧಾರ ಸ್ವರ ಒಂದು ಕೂದಲೆಳೆ ಕೆಳಗೆ ಹಿಡಿದರೂ ಪೇಟಿಯ ಮೇಲಿನ ಕೈ ನಿಲ್ಲುತ್ತಿತ್ತು, "ಅಲ್ಲ" ಬರುತ್ತಿತ್ತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅಂಥವರು ಹೋದ ಚಳಿಗಾಲ ಫೋನಿನಲ್ಲಿ ನನಗೆ "ಇರಬಹುದವ್ವ" ಎಂದರು. ಅವರ ಬಾಯಿಂದ ಅದನ್ನು ಅನ್ನಿಸಿದವಳು ನಾನೇ.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಹಾಡು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಜಿಲ್ಲೆಯ ಹಳೆಯ ಹಾಡುಗಾರರ ಧ್ವನಿ ಹಿಡಿದಿಟ್ಟು, ರಾಗದ ಪ್ರಕಾರ ವಿಂಗಡಿಸುವ ಕೆಲಸವನ್ನು ನನ್ನ ವಿದ್ಯಾರ್ಥಿಗಳ ಜೊತೆ ಶುರು ಮಾಡಿದ್ದೆ. ಗಂಗಾವತಿಯ ಭಜನಾ ಮೇಳದವರು, ಒಂದು ಕಾಲಕ್ಕೆ ನಾಟಕ ಕಂಪನಿಯಲ್ಲಿ ಹಾಡಿದವರು, ಹೀಗೆ ಸಾಕಷ್ಟು ಜನ ಸಿಕ್ಕರು. ರಾಗ ಗುರುತಿಸಲು ನಾವೇ ಒಂದು ಪ್ರೋಗ್ರಾಂ ಬರೆದೆವು. ಅದು ಮಾಡುವುದು ಇಷ್ಟೇ. ಹಾಡಿನಲ್ಲಿ ದನಿ ಯಾವ ಎತ್ತರದಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅಳೆದು, ಕಣದಲ್ಲಿ ಜೋಳದ ರಾಶಿ ಹಾಕಿದ ಹಾಗೆ ಸ್ವರಕ್ಕೊಂದು ರಾಶಿ ಹಾಕುತ್ತದೆ. ಮಂದ್ರ, ಮಧ್ಯ, ತಾರ ಎಂದು ಸ್ಥಾಯಿ ಬೇರೆ ಮಾಡದೆ, ಕೆಳಗಿನದಿರಲಿ ಮೇಲಿನದಿರಲಿ ಎಲ್ಲ ಧೈವತವನ್ನೂ, ಅಂದರೆ ಧ ಸ್ವರವನ್ನೂ, ಒಂದೇ ರಾಶಿಗೆ ಸುರಿಯುತ್ತದೆ. ಹಿಸ್ಟೋಗ್ರಾಮ್ ಎಂದರೆ ಈ ರಾಶಿಗಳ ಸಾಲು. ಅದನ್ನು ಗೊತ್ತಿರುವ ರಾಗಗಳ ಸಾಲುಗಳ ಪಕ್ಕ ಇಟ್ಟು, ಯಾವುದಕ್ಕೆ ಹೆಚ್ಚು ಹೋಲುತ್ತದೋ ಆ ಹೆಸರು ಹೇಳುತ್ತದೆ. ಬಹಳ ಸಲ ಸರಿಯಾಗಿಯೇ ಹೇಳುತ್ತಿತ್ತು. ಅದಕ್ಕೇ ನನಗೆ ಕೊಬ್ಬು ಬಂದಿತ್ತು.

ಗುರುಗಳು ನಿವೃತ್ತಿಯಾಗಿ ಕುಷ್ಟಗಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಎರಡು ವರ್ಷದ ಹಿಂದೆ ಎಡಗೈಗೆ ಲಕ್ವಾ ಹೊಡೆಯಿತು. ಆಮೇಲೆ ನೆನಪೂ ಸೋರತೊಡಗಿತು. ವಾರ ಮರೆಯುತ್ತಾರೆ, ಉಂಡದ್ದು ಮರೆಯುತ್ತಾರೆ, ಮೊಮ್ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಯಾರಾದರೂ ಮರುಕ ತೋರಿಸಿದರೆ ಮಾತ್ರ ಕೆರಳುತ್ತಿದ್ದರು: "ಮರ್ತರ ಮರೀಲಿ ಬಿಡ್ರಿ. ರಾಗ ಒಂದೂ ಮರ್ತಿಲ್ಲ ನಾ."

ಅವರ ಧ್ವನಿ ಹಿಡಿಯಬೇಕೆಂದು ಕೇಳಿದಾಗ ಒಂದೇ ಷರತ್ತು ಹಾಕಿದರು. "ದೇಶಕಾರ ಹಾಡತೇನಿ. ಅದು ಮುಂಜಾನಿ ರಾಗ. ಹೊತ್ತೇರಿದ ಮ್ಯಾಲೆ ಬಂದ್ರ ಚಹಾ ಕುಡದು ಹೋಗ್ರಿ." ನಾವು ಕೊಪ್ಪಳದಿಂದ ಮೊದಲ ಬಸ್ಸಿಗೇ ಹೊರಟು ಹೋದೆವು. ಪೇಟಿಗೆ ಗಾಳಿ ಹಾಕಲು ಅವರ ಎಡಗೈ ಏಳುವುದಿಲ್ಲ. ಸೊಸೆ ಪಕ್ಕದಲ್ಲಿ ಕೂತು ಗಾಳಿ ಹಾಕಿದರು, ಗುರುಗಳು ಬಲಗೈಯಿಂದ ಷಡ್ಜದ, ಅಂದರೆ ಸಾ ಸ್ವರದ, ಮನೆ ಒತ್ತಿ ಕಣ್ಣು ಮುಚ್ಚಿದರು. ಸಾ ಕಿವಿಗೆ ಕೂತ ಮೇಲೆ ಪೇಟಿ ನಿಲ್ಲಿಸಿ ಬರೀ ದನಿಯಲ್ಲಿ ಹಾಡಿದರು. ಒಂದು ನಿಮಿಷವೂ ಇರಲಿಲ್ಲ. ದನಿ ನಡುಗುತ್ತಿತ್ತು. ಮುಗಿದಾಗ ಬೆವರಿದ್ದರು, ಆದರೆ ಮುಖ ಅರಳಿತ್ತು.

ಆ ತುಣುಕಿಗೆ ನಮ್ಮ ಪ್ರೋಗ್ರಾಂ "ಧಾನಿ" ಎಂದಿತು, ಬೇರೆಯೇ ಒಂದು ರಾಗ.

ನಾನೂ ಕೇಳಿದೆ. ನನ್ನ ತಪ್ಪು ಇಲ್ಲೇ ಇದೆ: ಪರದೆಯ ಮೇಲಿನ ಹೆಸರು ಓದಿ, ಆಮೇಲೆ ಕೇಳಿದೆ. ಹಿಂದೆ ತಂಬೂರಿಯೂ ಇಲ್ಲ, ಪೇಟಿಯೂ ಇಲ್ಲ. ಧಾನಿ ಎಂದು ಓದಿ ಕೇಳಿದ ಕಿವಿಗೆ ಧಾನಿಯೇ ಕೇಳಿಸಿತು. ಬಳಸದ ಕಿವಿ ಎಷ್ಟು ಬೇಗ ಕಣ್ಣಿನ ಆಳಾಗುತ್ತದೆ! ಆ ಉಮೇದಿನಲ್ಲೇ ಫೋನ್ ಮಾಡಿ, "ಗುರುಗಳ, ಕಂಪ್ಯೂಟರ್ ಧಾನಿ ಅಂತೈತ್ರಿ. ನನಗೂ ಹಂಗ ಕೇಳಸ್ತದ್ರಿ" ಎಂದೆ. ಬೈಗುಳಕ್ಕೆ ಕಾಯುತ್ತಿದ್ದೆ. "ಇರಬಹುದವ್ವ" ಎಂದು ಫೋನ್ ಇಟ್ಟರು.

ವಾರದ ಮೇಲೆ ಅವರ ಸೊಸೆ ಫೋನ್ ಮಾಡಿದರು. "ಅಕ್ಕಾರ, ನೀವು ಏನು ಹೇಳೀರಿ ಮಾವಾರಿಗೆ? ಪೇಟಿ ಮ್ಯಾಲೆ ಅರಿವಿ ಹೊಚ್ಚಿಸ್ಯಾರ. ಕೊಟ್ಟುಬಿಡ್ರಿ ಯಾರಿಗಾದ್ರೂ ಅಂತಾರ. ರಾಗನೂ ಹೋತು ನಂದು, ಅಂತ ಒಂದ ಮಾತು ಹಿಡದಾರ."

ಮರುದಿನವೇ ಲ್ಯಾಪ್‌ಟಾಪ್ ಹೊತ್ತು ಕುಷ್ಟಗಿಗೆ ಹೋದೆ. ಏನು ಹೇಳಬೇಕೆಂದು ಮಾತ್ರ ಗೊತ್ತಿರಲಿಲ್ಲ. ಸಮಾಧಾನಕ್ಕೆ ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ, ಸುಳ್ಳು ಸ್ವರ ಹಿಡಿಯುವುದರಲ್ಲೇ ಜೀವಮಾನ ಕಳೆದವರು.

ಗುರುಗಳು ಪಡಸಾಲೆಯಲ್ಲಿ ಗೋಡೆ ನೋಡುತ್ತ ಕೂತಿದ್ದರು. ನಮಸ್ಕಾರ ಮಾಡಿದರೆ ತಲೆ ಆಡಿಸಿದರು, ಅಷ್ಟೇ. ಸೊಸೆ ಚಹಾ ಕೊಟ್ಟು, "ಅವತ್ತಿಂದು ನಾನೂ ಕೇಳತೇನ್ರಿ" ಎಂದರು. ತುಣುಕು ಹಾಕಿದೆ. ಎರಡು ಸಲ ಕೇಳಿ ಅವರ ಮುಖ ಚಿಕ್ಕದಾಯಿತು.

"ನಾ ಗಾಳಿ ಹಾಕಿದ್ದು ಎಲ್ಲಿ ಹೋತ್ರಿ? ಒಂದೀಟೂ ಕೇಳಸವಲ್ದು."

"ಅದನ್ನ ಕತ್ತರಿಸೀವ್ರಿ. ಪೇಟಿ ದನಿ ಕೂಡಿದ್ರ ಮಷೀನಿಗೆ ಗೊಂದಲ ಆಗ್ತದ, ಅದಕ್ಕ ಎಲ್ಲಾ ತುಣುಕಿನಾಗೂ ಪೇಟಿ ತೆಗದ..."

ಅನ್ನುತ್ತ ಅನ್ನುತ್ತ ನನಗೇ ತಿಳಿಯಿತು. ಕತ್ತರಿಸಿದ್ದು ಬರೀ ಪೇಟಿಯಲ್ಲ, ಷಡ್ಜ. ರಾಗದ ಸ್ವರಗಳನ್ನೆಲ್ಲ ಎಣಿಸುವುದೇ ಷಡ್ಜದಿಂದ. ಅದು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ರಾಶಿಗಳಿಗೆ ಹೆಸರೇ ಇಲ್ಲ. ಉಳಿದವರ ತುಣುಕುಗಳಲ್ಲಿ ಹಿಂದೆ ಸಣ್ಣಗೆ ಶ್ರುತಿಪೆಟ್ಟಿಗೆ ನಡೆದಿತ್ತು, ಷಡ್ಜದ ರಾಶಿ ತಾನಾಗಿಯೇ ಎತ್ತರ ನಿಲ್ಲುತ್ತಿತ್ತು. ಹಾಗಾಗಿ, ಷಡ್ಜ ತಿಳಿಯದಾಗ ಎಲ್ಲಕ್ಕಿಂತ ಎತ್ತರದ ರಾಶಿಯೇ ಷಡ್ಜ ಎಂದುಕೋ ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವಳೂ ನಾನೇ. ಇಲ್ಲಿ ಗುರುಗಳು ಮೊದಲೇ ಸಾ ಕೊಟ್ಟಿದ್ದರು. ನಾವು ಸ್ವಚ್ಛ ಮಾಡುತ್ತೇವೆಂದು ಅದನ್ನು ಬಿಸಾಕಿದ್ದೆವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಬುದ್ಧಿವಂತರು ನಾವು.

ಪುಣ್ಯಕ್ಕೆ ಪೂರ್ತಿ ಫೈಲು ಇತ್ತು. ಸೊಸೆಯ ಗಾಳಿಯ ಸಾ ಅಳೆದು, ಇದೇ ಷಡ್ಜ ಎಂದು ಪ್ರೋಗ್ರಾಮಿಗೆ ಕೊಟ್ಟೆ. ಉತ್ತರ ಬಂತು: ಮೊದಲು ಭೂಪ, ಕೂದಲೆಳೆಯಷ್ಟು ಹಿಂದೆ ದೇಶಕಾರ.

"ಏನಂತೈತಿ?" ಗುರುಗಳು ಗೋಡೆಯಿಂದ ಮುಖ ತಿರುಗಿಸದೆ ಕೇಳಿದರು.

"ಭೂಪ ಅಂತೈತ್ರಿ."

"ಭೂಪ, ಧಾನಿ, ನಾಳೆ ಮತ್ತೊಂದು ಅಂತೈತಿ. ಹಾಡಿದಾಂವಗ ಗೊತ್ತಿಲ್ಲಂದ್ರ ಅದೇನು ಮಾಡೀತು ಪಾಪ."

ಆ "ಪಾಪ" ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಭೂಪ ಮತ್ತು ದೇಶಕಾರ ಎರಡರಲ್ಲೂ ಅವೇ ಐದು ಸ್ವರ: ಸಾ, ರಿ, ಗ, ಪ, ಧ. ಭೂಪ ಗಾಂಧಾರದ, ಅಂದರೆ ಗ ಸ್ವರದ, ಮೇಲೆ ನಿಂತು ಕೆಳಗಡೆ ಹೆಚ್ಚು ಓಡಾಡುತ್ತದೆ. ದೇಶಕಾರಕ್ಕೆ ಧೈವತವೇ ಯಜಮಾನ, ಅದರ ಓಡಾಟ ಮೇಲ್ಗಡೆ. ಯಾವ ಸ್ವರದ ಬೆನ್ನಿಗೆ ಯಾವುದು ಬಂತು ಎಂಬುದು ರಾಶಿಗೆ ಗೊತ್ತಿಲ್ಲ. ಮೇಲೆ ಹಾಡಿದ್ದೋ ಕೆಳಗೆ ಹಾಡಿದ್ದೋ ಎಂಬುದನ್ನೂ ನಾವು ಕೂಡಿಸಿ ಅಳಿಸಿದ್ದೆವು. ಮೇಲಾಗಿ ತುಣುಕು ಚಿಕ್ಕದು, ದನಿ ನಡುಗಿ ರಾಶಿಗಳು ಅಗಲಕ್ಕೆ ಹರಡಿದ್ದವು, ನಾವು ಕಲಿಸಿದ ಉದಾಹರಣೆಗಳಲ್ಲಿ ಭೂಪ ಡಜನ್‌ಗಟ್ಟಲೆ, ದೇಶಕಾರ ಎರಡೋ ಮೂರೋ. ಇಷ್ಟೆಲ್ಲ ನೆಪಗಳು ನನ್ನ ಬಳಿ ಇದ್ದವು. ನೆಪಗಳಿಂದ ಪೇಟಿಯ ಮೇಲಿನ ಬಟ್ಟೆ ಸರಿಯುವುದಿಲ್ಲವಲ್ಲ.

ಸುಮ್ಮನೆ ಪರದೆ ನೋಡುತ್ತ ಕೂತೆ. ಆಗ ಹೊಳೆಯಿತು. ಮೊದಲ ಸಲ ಧಾನಿ ಬಂದದ್ದಾದರೂ ಯಾಕೆ? ಈ ಐದು ಸ್ವರಗಳನ್ನು ಧೈವತದಿಂದ ಎಣಿಸಿದರೆ ಮಾತ್ರ ಧಾನಿಯ ಸ್ವರಗಳಾಗುತ್ತವೆ. ಅಂದರೆ ಪ್ರೋಗ್ರಾಂ ಧೈವತವನ್ನು ಷಡ್ಜವೆಂದು ತಿಳಿದಿತ್ತು. ಅಂದರೆ ಎಲ್ಲಕ್ಕಿಂತ ಎತ್ತರದ ರಾಶಿ ಧೈವತದ್ದು. ಗುರುಗಳು ಧೈವತದ ಮೇಲೆ ನಿಂತು ಹಾಡಿದ್ದರು, ದೇಶಕಾರವನ್ನು ಹಾಡಬೇಕಾದ ಹಾಗೆ! ಅವರು ಭೂಪ ಹಾಡಿ ಗಾಂಧಾರದ ರಾಶಿ ಎತ್ತರವಾಗಿದ್ದರೆ, ಗಾಂಧಾರದಿಂದ ಎಣಿಸಿದ ಅವೇ ಸ್ವರ ಮಾಲಕಂಸ ರಾಗದ ಸ್ವರಗಳಾಗಿ, ಮಷೀನು ಮಾಲಕಂಸ ಎನ್ನುತ್ತಿತ್ತು. ಅದರ ತಪ್ಪು ಉತ್ತರವೇ ಗುರುಗಳ ಪರ ಸಾಕ್ಷಿ ಹೇಳುತ್ತಿತ್ತು, ನನಗೆ ಓದಲು ಬಂದಿರಲಿಲ್ಲ.

ಇದನ್ನೆಲ್ಲ ಅವರಿಗೆ ಹೇಳಿದೆ. ಗುರುಗಳು ಈಗ ನನ್ನ ಕಡೆ ತಿರುಗಿದ್ದರು. ಬೆರಳಿನಲ್ಲಿ ಧೈವತದಿಂದ ಎಣಿಸಿದರು, ಗಾಂಧಾರದಿಂದ ಎಣಿಸಿದರು. ಮರೆಯುವ ಮನುಷ್ಯರು ಒಂದೂ ತಪ್ಪಲಿಲ್ಲ.

"ಹಂಗಾರ ನಾ ಭೂಪ ಹಾಡಿ, ನೀ ಸಾ ಕತ್ತರಿಸಿದಿ ಅಂದ್ರ, ಅದು ಮಾಲಕಂಸ ಅನಬೇಕು."

"ಎಲ್ಲಾ ಸಲ ಅನ್ನಲಿಕ್ಕಿಲ್ರಿ. ಗಾಂಧಾರದ ಮ್ಯಾಲೆ ಚೆಂದಂಗ ನಿಂತ್ರ ಅನ್ನಬೇಕು. ಈಗ ಹಾಡ್ತೀರೇನ್ರಿ?"

"ಅಲ್ಲ." ಇಷ್ಟು ದಿನದ ಮೇಲೆ ಆ ಮಾತು ಕೇಳಿ ನನಗೆ ಅಳು ಬರುವಂತಾಯಿತು. "ಭೂಪ ಸಂಜಿ ರಾಗ. ಹೊತ್ತು ಮುಳಗಲಿ."

ಸಂಜೆಯ ತನಕ ಕಾದೆ. ಸೊಸೆಯ ಜೊತೆ ಮೆಂತ್ಯೆ ಸೊಪ್ಪು ಬಿಡಿಸಿದೆ, ರೊಟ್ಟಿ ಉಂಡೆ. ದೀಪ ಹಚ್ಚುವ ಹೊತ್ತಿಗೆ ಪೇಟಿಯ ಬಟ್ಟೆಯನ್ನು ಗುರುಗಳೇ ಎಳೆದರು. ಸೊಸೆ ಗಾಳಿ ಹಾಕಿದರು. ಸಾ ಬಂತು, ನಿಂತಿತು. ಭೂಪ ಹಾಡಿದರು. ಗಾಂಧಾರಕ್ಕೆ ಬಂದಾಗಲೆಲ್ಲ ಅಲ್ಲೇ ಬಿಡಾರ ಹೂಡಿದರು. ನಾನು ಬೇಕೆಂದೇ ಸಾ ಕತ್ತರಿಸಿ, ಉಳಿದದ್ದನ್ನು ಕೊಟ್ಟೆ. ಮೂವರೂ ಪರದೆಗೆ ಬಗ್ಗಿದೆವು.

ಮಾಲಕಂಸ.

ಗುರುಗಳು ತೊಡೆ ತಟ್ಟಿಕೊಂಡು ನಕ್ಕರು, ಕೆಮ್ಮು ಬರುವ ತನಕ ನಕ್ಕರು. "ಮಷೀನಿಗೆ ನಮ್ಮ ಸೊಸಿ ಗಾಳಿ ಹಾಕಬೇಕವ್ವ, ಇಲ್ಲಂದ್ರ ಅದಕ್ಕ ದಿಕ್ಕ ತಿಳಿಯೂದಿಲ್ಲ." ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಅಲ್ಲೇ ಕೂತು ಅಂದಿನ ತುಣುಕಿನ ಮುಂದೆ "ದೇಶಕಾರ" ಎಂದು ಬರೆದು, ಕತ್ತರಿಸಿದ್ದ ಸಾ ಅನ್ನು ಮತ್ತೆ ಜೋಡಿಸಿದೆ.

ಹೊರಡುವಾಗ ಕಾಲಿಗೆ ನಮಸ್ಕರಿಸಿದೆ. ಗುರುಗಳು ನನ್ನ ಮುಖವನ್ನೇ ನೋಡುತ್ತ, "ಯಾವಾಗ ಬಂದ್ಯವ್ವ ನೀ?" ಎಂದು ಕೇಳಿದರು.

ಸೊಸೆ ಬೇರೆ ಕಡೆ ತಿರುಗಿದರು. "ಮುಂಜಾನಿ ಬಂದೇನ್ರಿ ಗುರುಗಳ. ಇಡೀ ದಿನ ಇಲ್ಲೇ ಇದ್ದೆ."

"ಇರಬಹುದು" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ, "ನನ್ನ ಆ ಹಾಡಿಗೆ ಏನಂತ ಬರದಿ?"

"ದೇಶಕಾರ ಅಂತ ಬರದೇನ್ರಿ."

"ಹೌದು" ಎಂದರು.