ಅವ್ವನ ಕಾಲ್ಚೀಲದ ಅಂಚು

ನಮ್ಮ ಅಕ್ಕ ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಿವೃತ್ತಳಾಗಿ ವರ್ಷಗಳಾದವು, ಆದರೂ ಇಡೀ ಜಗತ್ತೇ ತನ್ನ ಎಂಟನೆಯ ತರಗತಿ ಎಂದು ತಿಳಿದಿದ್ದಾಳೆ. ಮುದ್ದೇಬಿಹಾಳದ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ತಪ್ಪು ಹುಡುಕುತ್ತಾಳೆ.

ಅವ್ವ ನನ್ನ ಹತ್ತಿರ ಇರುತ್ತಾಳೆ. ಸಕ್ಕರೆ ಕಾಯಿಲೆ, ಸಂಜೆಯಾದರೆ ಬಾತುಕೊಳ್ಳುವ ಕಾಲು. ಬರಿಗಾಲಲ್ಲಿ ಓಡಾಡಬೇಡಿ, ಆದರೆ ಯಾವುದೂ ಕಾಲನ್ನು ಕಚ್ಚಿ ಹಿಡಿಯಬಾರದು, ಗಾಯವಾದರೆ ಮಾಯುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಹಾಗಾಗಿ ಕಾಲ್ಚೀಲ ಹೆಣೆಯುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು, ಅದರ ಜೊತೆಗೆ ಜಗಳವೂ ಬಂತು.

ಕಾಲ್ಚೀಲವನ್ನು ನಾವು ಮೇಲಿನಿಂದ ಶುರುಮಾಡುತ್ತೇವೆ. ಒಂದು ಕುಣಿಕೆ ಸುಲಟಾ, ಅಂದರೆ ನೇರ, ಇನ್ನೊಂದು ಉಲಟಾ, ಅಂದರೆ ತಿರುವು, ಹೀಗೆ ಹಾಕಿದ ಪಟ್ಟಿ ರಬ್ಬರಿನ ಹಾಗೆ ಹಿಗ್ಗುತ್ತದೆ. ಆದರೆ ಸೂಜಿಗೆ ಮೊದಲು ಹಾಕಿದ ಕುಣಿಕೆಗಳ ಸಾಲು ಹಿಗ್ಗದಿದ್ದರೆ ಕೆಳಗಿನ ಪಟ್ಟಿ ಎಷ್ಟು ಹಿಗ್ಗಿದರೇನು, ಬಾಯಿ ಕಟ್ಟಿದ ಚೀಲವೇ ಸರಿ.

ಅಕ್ಕ ಎರಡು ಕುಣಿಕೆಗಳ ನಡುವಿನಿಂದ ನೂಲೆಳೆದು ಹೊಸ ಕುಣಿಕೆ ಹಾಕುತ್ತಾಳೆ. ಅಂಚು ಹುರಿ ಹೊಸೆದಂತೆ ನೆಟ್ಟಗೆ, ಚೆಂದ. ಹಿಗ್ಗುವುದು ಮಾತ್ರ ಅವಳ ಸ್ವಭಾವದಷ್ಟೇ.

"ನೋಡ, ಗೆರಿ ಹೊಡದಂಗ ಐತಿ," ಎಂದಳು, ಕಾಲ್ಚೀಲ ಎತ್ತಿ ಹಿಡಿದು.

"ಅದ ಗೆರಿ ಅವ್ವನ ಕಾಲಮ್ಯಾಲೂ ಬೀಳತೈತಿ," ಎಂದೆ ನಾನು.

ಇನ್ನೊಂದು ರೀತಿಯೂ ಅವಳಿಗೆ ಗೊತ್ತು. ಫೋನಿನಲ್ಲಿ ನೋಡಿ ಕಲಿತದ್ದು: ಬೇರೆ ಬಣ್ಣದ ನೂಲಿನಿಂದ ಶುರುಮಾಡಿ, ಆಮೇಲೆ ಅದನ್ನು ಬಿಚ್ಚಿ ತೆಗೆಯುವುದು. ಅಂಚು ಎಲ್ಲಿ ಶುರುವಾಯಿತೆಂದು ಕಣ್ಣಿಗೇ ಕಾಣದಷ್ಟು ನಯ, ಹಿಗ್ಗುವುದೂ ಚೆನ್ನಾಗಿ. ಆದರೆ ಆ ಅಂಚಿಗೆ ಸಣ್ಣ ಸೂಜಿ ಬೇಕೆಂಬುದನ್ನು ಟೀಚರಮ್ಮ ಕೇಳಿಸಿಕೊಂಡಿರಲಿಲ್ಲ. ಮೊಮ್ಮಗನಿಗೆ ಹೆಣೆದ ಟೋಪಿಯ ಬಾಯಿ ತಟ್ಟೆಯಂತೆ ಅಗಲಿಸಿಕೊಂಡು ನಿಂತಿತು. "ಫ್ಯಾಶನ್ ಐತಿ ಅದು," ಎಂದಳು. ನಾನು ಮನಸಾರೆ ನಕ್ಕೆ.

ನನ್ನದು ಬೇರೆ ದಾರಿ. ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಎಳೆ ಹಿಡಿದು, ಎರಡು ಸೂಜಿ ಜೋಡಿಸಿ ಅವುಗಳ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡುವುದು. ಕುಣಿಕೆ ದೊಡ್ಡದಾಗುತ್ತದೆ, ಅಂಚು ಸಡಿಲಾಗುತ್ತದೆ. ಮೂವತ್ತು ವರ್ಷ ಹೀಗೇ ಹೆಣೆದಿದ್ದೆ. ಯಾರಿಗೆ ಕೊಟ್ಟರೂ "ಚಲೋ ಅದಾವ್ರಿ" ಎಂದಿದ್ದರು.

ಕೊನೆಗೆ ಅಕ್ಕನೇ ಸವಾಲು ಹಾಕಿದಳು. "ಒಂದ ಕಾಲಿಗೆ ನಂದು, ಒಂದ ಕಾಲಿಗೆ ನಿಂದು. ಸಂಜೀಕ ನೋಡೂಣು."

ಬೆಳಿಗ್ಗೆ ಅವ್ವನಿಗೆ ಬಲಗಾಲಿಗೆ ಅವಳದು, ಎಡಗಾಲಿಗೆ ನನ್ನದು ತೊಡಿಸಿದೆವು. ಇಡೀ ದಿನ ಅಕ್ಕ ಉಪ್ಪಿಟ್ಟಿನಿಂದ ಹಿಡಿದು ಪರದೆಯ ತನಕ ನನ್ನ ಸಂಸಾರಕ್ಕೆಲ್ಲ ಅಂಕ ಕೊಟ್ಟಳು. ನಾನು ಸಂಜೆಗಾಗಿ ಹಲ್ಲು ಕಚ್ಚಿ ಕಾದೆ. ಅವಳ ಮುಖ ಬಾಡುವುದನ್ನು ನೋಡುವ ಆಸೆ ನನಗೆ ನಿಜವಾಗಿಯೂ ಇತ್ತು.

ದೀಪ ಹಚ್ಚುವ ಹೊತ್ತಿಗೆ ಬಲಗಾಲಿನದನ್ನು ತೆಗೆದೆ. ಕಾಲಿನ ಸುತ್ತ ಕೆಂಪು ಗೆರೆ, ಬೆರಳಿಟ್ಟರೆ ಕೂರುವಷ್ಟು ತಗ್ಗು. "ನೋಡವಾ ಟೀಚರ," ಎಂದೆ. ಅಕ್ಕ ಬಾಗಿ, ಎಡಗಾಲಿನದನ್ನು ತಾನೇ ಇಳಿಸಿದಳು.

ಅಲ್ಲೂ ಗೆರೆ ಇತ್ತು. ಅಷ್ಟೇ ಕೆಂಪು.

ನನ್ನ ಕಾಲ್ಚೀಲವನ್ನು ಕೈಗೆತ್ತಿಕೊಂಡು ಎಳೆದು ನೋಡಿದೆ. ಕುಣಿಕೆಗಳು ಎತ್ತರಕ್ಕೆ ಸಡಿಲಾಗಿ, ಜೋಲಾಗಿ ನಿಂತಿದ್ದವು. ಆದರೆ ಅವುಗಳ ಬುಡದಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಯುವ ಎಳೆ ಮೊದಲಿನಷ್ಟೇ ಬಿಗಿ. ಎರಡು ಸೂಜಿಯಿಂದ ಅದಕ್ಕೆ ಒಂದು ಕೂದಲಿನಷ್ಟೂ ಉದ್ದ ಬಂದಿರಲಿಲ್ಲ. ಅಕ್ಕನ ಅಂಚು ಕಚ್ಚುತ್ತಿತ್ತು, ಆದರೆ ನೋಡಲು ಚೆಂದವಿತ್ತು. ನನ್ನದು ಕಚ್ಚುತ್ತಿತ್ತು, ನೋಡಲೂ ಹೊಲಸು.

"ನೋವಾದ್ರ ಹೇಳಬಾರದೇನವ್ವಾ?" ಎಂದು ರೇಗಿದೆ.

"ಯಾರ ಮುಂದ ಹೇಳಲಿ?" ಎಂದಳು ಅವ್ವ. "ಆಕಿ ಬಂದಾಗ ಆಕೀದು ಹಾಕ್ಕೋತೇನಿ, ನೀ ಮನ್ಯಾಗ ಇದ್ದಾಗ ನಿಂದು. ನೀವಿಬ್ಬರೂ ಇಲ್ಲದಾಗ ಎರಡೂ ತಗದು ಬರಿಗಾಲಿಲೆ ಇರ್ತೇನಿ."

ಯಾವ ಬರಿಗಾಲು ಬೇಡವೆಂದು ಡಾಕ್ಟರು ಹೇಳಿದ್ದರೋ ಅದೇ. ಅಕ್ಕನ ಮೇಲೆ ಇಷ್ಟು ದಿನ ಉಗುಳಿದ ತಿರಸ್ಕಾರವೆಲ್ಲ ನನ್ನ ಮುಖಕ್ಕೇ ಬಂದು ಬಿತ್ತು.

ಮರುದಿನ ಮತ್ತೆ ಶುರುಮಾಡಿದೆ. ಈ ಸಲ ಒಂದೇ ಸೂಜಿ. ಹೆಬ್ಬೆರಳಿನ ಎಳೆಯನ್ನು ಒಂದು ಸುತ್ತು ಹೆಚ್ಚು ತಿರುಚಿ ಹಾಕುವ ಕುಣಿಕೆ. ನೂಲು ಹೆಚ್ಚು ಬೇಡುತ್ತದೆ, ಆದರೆ ಹೆಚ್ಚಿನ ಆ ನೂಲು ಬುಡದಲ್ಲೇ ಉಳಿಯುವುದರಿಂದ ಅಂಚು ಪಟ್ಟಿಯ ಜೊತೆಗೇ ಹಿಗ್ಗಿ, ಬಿಟ್ಟರೆ ಮುದುಡುತ್ತದೆ. ಸ್ವಲ್ಪ ದಪ್ಪ ಕಾಣುತ್ತದೆ. "ಗಂಟ ಗಂಟ ಕಾಣತೈತಿ," ಎಂದಳು ಅಕ್ಕ. ಅವಳನ್ನು ತಿದ್ದಲು ಆ ಬಸವಣ್ಣನಿಂದಲೂ ಆಗಲಿಕ್ಕಿಲ್ಲ.

ಅವ್ವ ಇಡೀ ದಿನ ಅವನ್ನು ತೊಟ್ಟಳು. ಸಂಜೆ, "ಹೆಂಗದಾವ?" ಎಂದು ಕೇಳಿದೆ.

"ಚಲೋ ಅದಾವ," ಎಂದಳು.

ನಾನು ನೆಲಕ್ಕೆ ಕೂತು, ಅವಳ ಎರಡೂ ಕಾಲ್ಚೀಲ ಇಳಿಸಿ, ಕಾಲನ್ನು ನೋಡಿದೆ.