ನಾಯಿಯ ಫಿಟ್ಸು ಮತ್ತು ಸೋಮವಾರದ ಮಾತ್ರೆ

ನಮ್ಮ ನಾಯಿಗೆ ಮೊದಲ ಸಲ ಫಿಟ್ಸು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಆಗ ನಾವು ತ್ರಾಸಿಯಲ್ಲಿದ್ದೆವು. ಹೆದ್ದಾರಿ ಇನ್ನೂ ಅಗಲವಾಗಿರಲಿಲ್ಲ. ನನ್ನ ಗಂಡ ಮೀನಿನ ಟೆಂಪೋ ಓಡಿಸುತ್ತಿದ್ದರು. ನಾನು ಕುಂದಾಪುರದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಹಗಲಿಡೀ ಮನೆಯಲ್ಲಿರುತ್ತಿದ್ದವರು ಅತ್ತೆ ಮತ್ತು ನಾಯಿ.

ಕೆಂಪು ಬಣ್ಣದ, ಮೂರು ವರ್ಷದ ಗಂಡು ನಾಯಿ ಅದು. ನಾನು ಅಂಗಳದಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದೆ, ಅದು ತಲೆಗಾಗಿ ಕಾಯುತ್ತ ಕೂತಿತ್ತು. ಇದ್ದಕ್ಕಿದ್ದಂತೆ ಅದರ ಕಣ್ಣು ಎಲ್ಲೋ ನೆಟ್ಟಿತು. ಮುಖದ ಎಡಭಾಗ ಸಣ್ಣಗೆ ಅದುರಿತು. ಮರುಕ್ಷಣ ಕೋಲಿನಂತೆ ಸೆಟೆದು ಪಕ್ಕಕ್ಕೆ ಬಿದ್ದು, ನಾಲ್ಕೂ ಕಾಲು ಈಜುವ ಹಾಗೆ ಬಡಿಯತೊಡಗಿತು. ಹಲ್ಲು ಕಟಕಟ ಕಡಿಯುತ್ತಿತ್ತು. ಬಾಯಲ್ಲಿ ನೊರೆ ಬಂತು, ಕೆಳಗೆ ಉಚ್ಚೆ ಹೋಯಿತು.

ಕಬ್ಬಿಣ ತಾಗಿಸಿದರೆ ನಿಲ್ಲುತ್ತದೆಂದು ಅತ್ತೆ ಒಳಗಿಂದ ಬೀಗದ ಕೈಗೊಂಚಲು ತಂದು ಅದರ ಕಾಲಿಗೆ ಒತ್ತಿದರು. ಪಕ್ಕದ ಮನೆಯ ರಿಕ್ಷಾದವರು ಬೇಲಿ ಹಾರಿ ಬಂದು ಕೊಡಪಾನದ ನೀರು ಮುಖಕ್ಕೆ ಸುರಿದರು. "ನಾಲ್ಗಿ ನುಂಗತ್, ನಾಲ್ಗಿ ಹಿಡಿನಿ" ಅಂದರು. ನನ್ನ ಗಂಡ ಯೋಚಿಸಲಿಲ್ಲ, ಬಾಯಿಗೆ ಕೈ ಹಾಕಿದರು. ಹಲ್ಲು ಕಚ್ಚಿಕೊಂಡಿತು. ನಾಯಿಗೆ ಕಚ್ಚಿದ್ದು ಗೊತ್ತೇ ಇರಲಿಲ್ಲ. ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಎರಡು ಬೆರಳು ಹರಿದು ರಕ್ತ ಸುರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ನಾಯಿ ಎದ್ದು ನಿಂತಿತು. ಆದರೆ ಅದು ನಮ್ಮ ನಾಯಿಯ ಹಾಗೆ ಇರಲಿಲ್ಲ. ಕಣ್ಣು ಕಾಣದವರ ಹಾಗೆ ಗೋಡೆಗೆ ಢಿಕ್ಕಿ ಹೊಡೆಯುತ್ತ ಅಂಗಳ ಸುತ್ತತೊಡಗಿತು. ಕರೆದರೆ ತಿರುಗಲಿಲ್ಲ.

"ಮರ್ಲ್ ಹಿಡ್ದಿತ್ ಅದಕ್ಕ್," ಅಂದರು ಪಕ್ಕದ ಮನೆಯವರು. ಹುಚ್ಚುನಾಯಿ ಎಂದೇ ಅವರ ಕೈಯಲ್ಲಿ ಆಗಲೇ ದೊಣ್ಣೆ ಇತ್ತು. "ಇವತ್ತೇ ಮುಗ್ಸುದ್ ಒಳ್ಳೇದ್. ಮಕ್ಳ್ ತಿರ್ಗು ಜಾಗ."

ನಾನು ನಾಯಿಯನ್ನು ಸೌದೆ ಕೊಟ್ಟಿಗೆಗೆ ದೂಡಿ ಬಾಗಿಲು ಹಾಕಿದೆ. ಗಂಡನ ಕೈಯನ್ನು ನಳದ ಕೆಳಗೆ ಹಿಡಿದು ಸಾಬೂನು ಹಾಕಿ ತೊಳೆಯುತ್ತ ನಿಂತೆ. ಆಮೇಲೆ ಪಕ್ಕದ ಮನೆಯವರ ರಿಕ್ಷಾದಲ್ಲೇ ಕುಂದಾಪುರದ ಆಸ್ಪತ್ರೆಗೆ ಹೋಗಿ ನಾಯಿ ಕಡಿತದ ಮೊದಲ ಇಂಜೆಕ್ಷನ್ ಹಾಕಿಸಿದೆವು.

ಮರುದಿನ ರಜೆ ಹಾಕಿ ಕುಂದಾಪುರದ ಪಶು ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಘಟ್ಟದ ಮೇಲಿನ ಕಡೆಯ ಹೆಂಗಸು, ಮೆಲ್ಲಗೆ ಮಾತಾಡುವವರು. ಹಿಂದಿನ ವರ್ಷ ನಾಯಿಗೆ ಹುಚ್ಚಿನ ಲಸಿಕೆ ಚುಚ್ಚಿಸಿದ ಚೀಟಿ ನೋಡಿದರು. ಆದರೂ ಹತ್ತು ದಿನ ಬೇರೆ ಕಟ್ಟಿಹಾಕಿ, ಯಾರೂ ಮುಟ್ಟದೆ, ಊಟ ನೀರು ದೂರದಿಂದ ಇಡಬೇಕು ಅಂದರು.

"ಕಚ್ಚುವಾಗ ಹುಚ್ಚು ಇದ್ದಿದ್ದರೆ ಹತ್ತು ದಿನದೊಳಗೆ ತಿಳಿಯುತ್ತದೆ. ಏನೇ ಆದರೂ ಅವರ ಇಂಜೆಕ್ಷನ್ ತಪ್ಪಿಸಬೇಡಿ. ಈಗ ಹೇಳಿ, ಎಷ್ಟು ಹೊತ್ತು ಬಡಿದುಕೊಂಡಿತು?"

"ಅರ್ಧ ಗಂಟೆ ಆದ್ರೂ ಆಯ್ತ್," ಅಂದೆ.

"ಗಡಿಯಾರ ನೋಡಿದ್ದೀರಾ?"

ನೋಡಿರಲಿಲ್ಲ. ಅರ್ಧ ಗಂಟೆ ಬಡಿದುಕೊಂಡಿದ್ದರೆ ಆಮೇಲೆ ಎದ್ದು ತಿರುಗುತ್ತಿರಲಿಲ್ಲ ಅಂದರು. ಎಡಗಡೆಯಿಂದ ಶುರುವಾಯಿತೇ, ಉಚ್ಚೆ ಹೋಯಿತೇ, ಕರೆದರೆ ಓಗೊಟ್ಟಿತೇ, ಸರಿಹೋಗಲು ಎಷ್ಟು ಹೊತ್ತಾಯಿತು ಎಂದು ಒಂದೊಂದಾಗಿ ಕೇಳಿದರು. ಅರ್ಧದಷ್ಟನ್ನು ನಾನು ಗಮನಿಸಿಯೇ ಇರಲಿಲ್ಲ.

"ಇನ್ನೊಮ್ಮೆ ಬಂದರೆ ಮೊದಲು ಗಡಿಯಾರ ನೋಡಿ. ನಾಯಿ ನಾಲಗೆ ನುಂಗುವುದಿಲ್ಲ, ಬಾಯಿಯ ಹತ್ತಿರ ಕೈ ಬೇಡ. ಅಮುಕಿ ಹಿಡಿಯಬೇಡಿ, ನೀರು ಹೊಯ್ಯಬೇಡಿ. ಮೆಟ್ಟಿಲು, ಬಾವಿ, ಒಲೆ ಹತ್ತಿರ ಇದ್ದರೆ ಮಾತ್ರ ಹಿಂದಿನಿಂದ ದೂರ ಎಳೆಯಿರಿ. ಟಿವಿ ಬಂದ್ ಮಾಡಿ. ಪೂರ್ತಿ ಎಚ್ಚರ ಆಗುವವರೆಗೆ ತಿನ್ನಲು ಕುಡಿಯಲು ಕೊಡಬೇಡಿ. ಐದು ನಿಮಿಷ ದಾಟಿದರೆ, ಇಲ್ಲವೇ ಒಂದು ನಿಂತು ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ, ಕಾಯಬೇಡಿ, ಇಲ್ಲಿಗೆ ತನ್ನಿ. ಒಂದೇ ದಿನ ಎರಡು ಮೂರು ಬಂದರೂ ಅಷ್ಟೇ."

ಆ ಹತ್ತು ದಿನ ನಾನು ಬೆಳಿಗ್ಗೆ ಕೊಟ್ಟಿಗೆಯ ಸಂದಿಯಿಂದ ಇಣುಕಿ ನೋಡುತ್ತಿದ್ದೆ. ನೀರು ಕುಡಿಯಿತೇ, ದನಿ ಬದಲಾಗಿದೆಯೇ, ಬಾಯಿ ಜೋತಿದೆಯೇ. ಪಕ್ಕದ ಮನೆಯವರೂ ಬೇಲಿಯಾಚೆಯಿಂದ ಅದನ್ನೇ ನೋಡುತ್ತಿದ್ದರು. ಹನ್ನೊಂದನೆಯ ದಿನ ಬಿಟ್ಟಾಗ ಅದು ನನ್ನ ಗಂಡನ ಕಟ್ಟುಹಾಕಿದ ಕೈಯನ್ನು ಮೂಸಿ ಬಾಲ ಅಲ್ಲಾಡಿಸಿತು. ಅವರು ಕೈ ಹಿಂದಕ್ಕೆಳೆದುಕೊಂಡರು. ಎಷ್ಟೋ ದಿನ ಅವರಿಗೆ ಅದನ್ನು ಸವರಲಾಗಲಿಲ್ಲ.

ಎರಡನೆಯದು ಮೂರು ವಾರಕ್ಕೆ ಬಂತು. ಆಮೇಲೆ ಮೂರನೆಯದು. ಈ ಸಲ ಗಡಿಯಾರ ನೋಡಿದೆ. ನನಗೆ ಅರ್ಧ ಗಂಟೆ ಅನ್ನಿಸಿದ್ದು ಒಂದೂ ಮುಕ್ಕಾಲು ನಿಮಿಷ. ಒಂದು ಇನ್ನೂರು ಪುಟದ ಪುಸ್ತಕಕ್ಕೆ ಗೆರೆ ಹೊಡೆದೆ. ದಿನ, ಹೊತ್ತು, ಎಷ್ಟು ನಿಮಿಷ, ಮೊದಲು ಎಂತ ಮಾಡುತ್ತಿತ್ತು, ಹೇಗೆ ಶುರುವಾಯಿತು, ಸರಿಹೋಗಲು ಎಷ್ಟು ಹೊತ್ತು, ಅವತ್ತು ಎಂತ ತಿಂದಿತ್ತು. ಡಾಕ್ಟರು ಅದನ್ನು ನೋಡಿ ರಕ್ತ ಪರೀಕ್ಷೆ ಮಾಡಿಸಿದರು, ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಒಂದು ಹೊತ್ತೂ ತಪ್ಪಬಾರದು, ಹುಷಾರಾಯಿತೆಂದು ನಾವಾಗಿ ನಿಲ್ಲಿಸಲೇಬಾರದು. ಪುಸ್ತಕದಲ್ಲಿ ಮಾತ್ರೆಗೂ ಒಂದು ಸಾಲು ಸೇರಿತು.

ನಾನು ಆರೂವರೆಯ ಬಸ್ಸಿಗೆ ಹೋಗುವವಳು. ನಾಯಿಗೆ ಅನ್ನ ಹಾಕುತ್ತಿದ್ದವರು ಅತ್ತೆ, ಹಾಗಾಗಿ ಎರಡು ಹೊತ್ತಿನ ಮಾತ್ರೆಯೂ ಅವರ ಪಾಲಿಗೆ ಬಂತು. ಮೀನಿನ ತುಂಡಿನೊಳಗೆ ಒತ್ತಿ ಇಟ್ಟರೆ ಒಂದೇ ಗುಟುಕಿಗೆ ನುಂಗುತ್ತಿತ್ತು. ಸಂಜೆ ಬಂದವಳೇ "ಮಾತ್ರೆ ಹಾಕಿದ್ರ್ಯಾ?" ಅನ್ನುತ್ತಿದ್ದೆ. "ಹಾಕಿದೆ ಹೆಣೆ" ಎಂದು ಮಗಳನ್ನು ಕರೆದಂತೆ ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ.

ಫಿಟ್ಸು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ಹದಿನೈದು ದಿನಕ್ಕೋ ತಿಂಗಳಿಗೋ ಒಂದು ಬರುತ್ತಿತ್ತು. ಪಾತ್ರೆ ಬಿದ್ದ ಸದ್ದಿಗೂ ನನ್ನ ಕಣ್ಣು ಮೊದಲು ಗಡಿಯಾರಕ್ಕೆ ಹೋಗುವಂತಾಯಿತು.

ನಾಲ್ಕು ತಿಂಗಳು ಕಳೆದಿರಬೇಕು. ಒಂದು ಮಂಗಳವಾರ ಬೆಳಿಗ್ಗೆ ಬಸ್ಸಿಗೆಂದು ತಲೆ ಬಾಚಿಕೊಳ್ಳುತ್ತಿದ್ದೆ. ಜಗಲಿಯಲ್ಲಿ ಧಪ್ಪೆಂದಿತು. ಆರು ಗಂಟೆ ಹದಿನೆಂಟು ನಿಮಿಷ. ನಾಯಿ ಮೆಟ್ಟಿಲ ಅಂಚಿನಲ್ಲಿ ಬಿದ್ದಿತ್ತು, ಕೆಳಗಿನ ಗೋಣಿ ಸಮೇತ ಒಳಗೆ ಎಳೆದೆ. ಎರಡು ನಿಮಿಷ ಆಯಿತು. ಈಗ ನಿಲ್ಲುತ್ತದೆ ಅಂದುಕೊಂಡೆ. ಮೂರಾಯಿತು. ಅತ್ತೆ ದೇವರ ಕೋಣೆಯ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ನಾಲ್ಕೂ ದಾಟಿತು. ಗಂಡ ಬೆಳಗಾಗುವ ಮೊದಲೇ ಬಂದರಿಗೆ ಹೋಗಿದ್ದರು.

ಬೇಲಿಯ ಹತ್ತಿರ ಓಡಿದೆ. "ಹ್ವಾಯ್, ರಿಕ್ಷಾ ತೆಗಿನಿ. ನಿಂತಿಲ್ಲೆ ಇನ್ನೂ."

ದೊಣ್ಣೆ ಹಿಡಿದಿದ್ದ ಆ ಮನುಷ್ಯ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬನಿಯನ್ನಿನಲ್ಲೇ ಬಂದು ಗೋಣಿಯ ಒಂದು ತುದಿ ಹಿಡಿದರು. "ತಲಿ ನನ್ ಬದಿಗ್ ಬ್ಯಾಡ," ಅಂದದ್ದು ಅಷ್ಟೇ.

ರಿಕ್ಷಾದಿಂದಲೇ ಡಾಕ್ಟರ ಮನೆಗೆ ಮೊಬೈಲಿನಲ್ಲಿ ಹೇಳಿದೆ. ಬಡಿತದಿಂದ ಮೈ ಕಾದುಹೋಗುತ್ತದೆ, ಹೊಟ್ಟೆಗೆ, ಪಾದಗಳಿಗೆ ತಣ್ಣೀರ ಬಟ್ಟೆ ಒತ್ತಿ, ಗಾಳಿ ಬಿಡಿ ಅಂದರು. ಹೆಮ್ಮಾಡಿ ದಾಟುವವರೆಗೂ ಅದನ್ನೇ ಮಾಡಿದೆ. ಬಟ್ಟೆ ಇಟ್ಟಲ್ಲೇ ಬಿಸಿಯಾಗುತ್ತಿತ್ತು. ನಡುವೆ ಒಮ್ಮೆ ಕಾಲು ನಿಂತವು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮುಖ ಮತ್ತೆ ಎಡಕ್ಕೆ ಅದುರಿತು. ಸೇತುವೆ ಮೇಲೆ ಎದುರಿನ ಲಾರಿಗೆ ದಾರಿ ಬಿಟ್ಟು ನಿಂತಾಗ ಚಾಲಕರು ಹಿಂದೆ ತಿರುಗಿ "ಉಸ್ರ್ ಇತ್ತಾ?" ಎಂದು ಕೇಳಿದರು. ಇತ್ತು.

ಡಾಕ್ಟರು ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದರು. ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ, ಮೊದಲು ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದರು, ಆಮೇಲೆ ನಿಧಾನವಾಗಿ ಔಷಧಿ ಬಿಟ್ಟರು. ಕಾಲುಗಳ ಬಿಗಿ ಒಂದೊಂದಾಗಿ ಸಡಿಲವಾಯಿತು. ನಾಯಿ ಸಿಮೆಂಟಿನ ನೆಲದಲ್ಲಿ ಒದ್ದೆ ಚೀಲದ ಹಾಗೆ ಮಲಗಿತು.

ಅದು ಮಲಗಿದ್ದಾಗ ಅವರು ನನ್ನ ಪುಸ್ತಕ ತೆಗೆದುಕೊಂಡರು. "ಮಾತ್ರೆ ಸರಿಯಾಗಿ ಹೋಗುತ್ತಿದ್ದೂ ಹೀಗಾದರೆ ಪ್ರಮಾಣ ಏರಿಸಬೇಕು," ಅನ್ನುತ್ತ ಪುಟ ತಿರುವಿದರು. ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಪೆನ್ನಿನಿಂದ ಕೆಲವು ಸಾಲುಗಳಿಗೆ ಚುಕ್ಕಿ ಇಟ್ಟರು.

"ಮಾತ್ರೆ ಶುರುವಾದ ಮೇಲೆ ಬಂದದ್ದು ಏಳು. ಅದರಲ್ಲಿ ಐದು ಮಂಗಳವಾರ. ನಿಮ್ಮ ಮನೆಯಲ್ಲಿ ಸೋಮವಾರ ಏನು ವಿಶೇಷ?"

ಏನೂ ಇಲ್ಲ ಅನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಸೋಮವಾರ ಅತ್ತೆಯ ವಾರ. ಮನೆಯಲ್ಲಿ ಮೀನಿಲ್ಲ.

ನಾಯಿಯನ್ನು ಅವತ್ತು ಅಲ್ಲೇ ಇರಿಸಿಕೊಂಡರು. ನಾನು ಮನೆಗೆ ಬಂದು ಅದರ ಬಟ್ಟಲಿದ್ದ ಮೂಲೆ ಗುಡಿಸಿದೆ. ಅರೆಯುವ ಕಲ್ಲಿನ ಹಿಂದೆ ಎರಡು ಮಾತ್ರೆ ಒಣಗಿದ ಅನ್ನದ ಜೊತೆ ಅಂಟಿಕೊಂಡಿದ್ದವು. ಇನ್ನೊಂದು ನೆನೆದು ಹಿಟ್ಟಾಗಿತ್ತು. ಬರಿಯ ಮಜ್ಜಿಗೆ ಅನ್ನದಲ್ಲಿ ಮಾತ್ರೆಯ ಕಹಿ ತಿಳಿದು, ಅನ್ನ ತಿಂದು ಅದನ್ನು ಪಕ್ಕಕ್ಕೆ ಉಗುಳಿತ್ತು.

ಅಂಗೈಯಲ್ಲಿಟ್ಟು ಅತ್ತೆಗೆ ತೋರಿಸಿದೆ. ನನ್ನ ದನಿ ಏರಿತ್ತು. "ಹಾಕಿದೆ ಅಂದ್ರಿ ಅಲ್ದಾ?"

"ಹಾಕಿದ್ದೆ ಹೆಣೆ. ಬಟ್ಲ್ ಖಾಲಿ ಇದ್ದಿತ್. ತಿಂದಿತ್ ಅಂದೇಳಿ ಮಾಡಿದೆ." ಅವರು ಕೂತುಬಿಟ್ಟರು. "ನನ್ನಿಂದ ಆದ್ದಾ ಇದ್?"

ಅವರು ಸುಳ್ಳು ಹೇಳಿರಲಿಲ್ಲ. ಕೊಟ್ಟದ್ದನ್ನೇ ನಾಯಿ ನುಂಗಿತೆಂದು ನಾನು ಬರೆದುಕೊಂಡಿದ್ದೆ. ನಾಲ್ಕು ತಿಂಗಳು ಕಣ್ಣಾರೆ ಕಂಡವಳಂತೆ ಗುರುತು ಹಾಕಿದವಳು ನಾನು. ಆ ಪುಸ್ತಕವನ್ನು ನಂಬಿ ಡಾಕ್ಟರು ಪ್ರಮಾಣ ಏರಿಸಿದ್ದರೆ, ಉಳಿದ ಆರು ದಿನ ನಾಯಿ ಅಮಲಿನಲ್ಲಿ ತೂರಾಡುತ್ತಿತ್ತು, ಸೋಮವಾರ ಬರಿಗೈ. "ನನ್ನಿಂದವೂ ಆಯ್ತ್, ಅತ್ತೆ," ಅಂದೆ.

ರಕ್ತದ ವರದಿ ಬಂದಾಗ ಔಷಧಿಯ ಮಟ್ಟ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು. ಪ್ರಮಾಣ ಏರಿಸಲಿಲ್ಲ. ಸೋಮವಾರಕ್ಕೆ ಬಾಳೆಹಣ್ಣಿನ ತುಂಡು ಬಂತು. ಅತ್ತೆ ಅದನ್ನು ಕೈಯಾರೆ ಕೊಟ್ಟು, ಗಂಟಲು ಇಳಿಯುವುದನ್ನು ನೋಡಿ, ಸುತ್ತ ನೆಲವನ್ನೂ ನೋಡುತ್ತಿದ್ದರು. ಫಿಟ್ಸು ನಿಲ್ಲದಿದ್ದರೆ ಗುದದ್ವಾರದಿಂದ ಬಿಡುವ ಔಷಧಿಯನ್ನೂ ಡಾಕ್ಟರು ಮನೆಗೆ ಕೊಟ್ಟರು. ಸೂಜಿಯಿಲ್ಲದ ಸಿರಿಂಜಿನಲ್ಲಿ ಎಲ್ಲಿಯವರೆಗೆ ಎಳೆಯಬೇಕೆಂದು ಗೆರೆ ಹಾಕಿ ತೋರಿಸಿದರು. ಮುಂಚಿತವಾಗಿ ತುಂಬಿಸಿಡಬಾರದು, ಗಾಜಿನ ಬಾಟಲಿಯಲ್ಲೇ ಕತ್ತಲಲ್ಲಿರಲಿ ಅಂದರು.

ಅತ್ತೆಗೆ ಗಂಟೆ ಓದಲು ಬರುತ್ತಿರಲಿಲ್ಲ, ಮಾತ್ರೆಯ ಏಳು ಗಂಟೆಯನ್ನು ಟಿವಿಯ ವಾರ್ತೆಯಿಂದ ತಿಳಿಯುತ್ತಿದ್ದರು. ಅದನ್ನು ನನಗೆ ಹೇಳಿದ್ದು ಆಮೇಲೆಯೇ. ಗೋಡೆಯ ಗಡಿಯಾರ ಇಳಿಸಿ ತೊಡೆಯ ಮೇಲಿಟ್ಟುಕೊಂಡು ತೋರಿಸಿದೆ: ದೊಡ್ಡ ಮುಳ್ಳು ಒಂದು ಅಂಕೆಯಿಂದ ಮುಂದಿನ ಅಂಕೆಗೆ ಹೋದರೆ ಐದು ನಿಮಿಷ, ಅಲ್ಲಿಗೆ ಮುಟ್ಟಿದರೆ ಪಕ್ಕದ ಮನೆಯವರನ್ನು ಕರೆಯಬೇಕು.

ಮತ್ತೆಯೂ ಬಂತು. ಪೂರ್ತಿ ನಿಲ್ಲುವ ಕಾಯಿಲೆ ಅಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ವರ್ಷಕ್ಕೆ ಎರಡೋ ಮೂರೋ ಅಷ್ಟೇ. ಒಂದು ಸಂಜೆ ನಾನು ಬರುವಾಗ ಟಿವಿ ಬಂದ್ ಆಗಿತ್ತು, ಒಲೆಯ ಮುಂದಿನ ಮಣೆ ದೂರ ಸರಿದಿತ್ತು. ನಾಯಿ ಸುಸ್ತಾಗಿ ಅಡ್ಡಾಡುತ್ತಿತ್ತು. ಅತ್ತೆ ನೆಲ ಒರೆಸುತ್ತಿದ್ದರು.

"ಮುಳ್ ನಾಕ್ರ ಮೇಲಿದ್ದಿತ್," ಅಂದರು. "ಐದಕ್ ಅರ್ಧ ದಾರಿ ಹೋಪತಿಗೆ ನಿಂತಿತ್. ಎಡ್ದ್ ಬದಿಂದ್ಲೇ ಶುರು. ಬೆಳಿಗ್ಗಿ ಮಾತ್ರೆ ಹೋಯ್ತ್, ನಾನೇ ಕಂಡಿದೆ. ಬರ್ಕೋ."

ಅವರು ಹೇಳಿದಂತೆಯೇ ಬರೆದುಕೊಂಡೆ. ನಾಯಿ ಮತ್ತೆ ಆರು ವರ್ಷ ಬದುಕಿ, ಮುಪ್ಪಿನಲ್ಲಿ ಮೂತ್ರಪಿಂಡ ಕೆಟ್ಟು ಸತ್ತಿತು. ತೆಂಗಿನ ಬುಡದಲ್ಲಿ ಗುಂಡಿ ತೋಡಿದವರು ಪಕ್ಕದ ಮನೆಯ ರಿಕ್ಷಾದವರು ಮತ್ತು ನನ್ನ ಗಂಡ.